ಬೋಲ್ಡ್ ಮಾಡಿದ್ದನ್ನಷ್ಟೇ ಓದಿದರೆ ಏನು ಅರ್ಥವಾಗುತ್ತದೆ?

ಪ್ರಶ್ನೆ: ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಬೆಳೆಗಾರರಿಗೆ ತರಬೇತಿ ಕೊಡುತ್ತೇನೆ. ಮುಗಿದ ಮೇಲೆ ಸ್ಲೈಡ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಯಾರೂ ಪೂರ್ತಿ ಓದುವುದಿಲ್ಲ, ಮೇಲೆ ಮೇಲೆ ಕಣ್ಣಾಡಿಸಿ ಬಿಡುತ್ತಾರೆ. ಅದಕ್ಕೇ ಮುಖ್ಯ ಪದಗಳನ್ನು ಬೋಲ್ಡ್ ಮಾಡಿದೆ, ಕೆಲವಕ್ಕೆ ಹಳದಿ ಹಚ್ಚಿದೆ, ಕೆಂಪು ಬಣ್ಣ ಕೊಟ್ಟೆ. ಆದರೂ ಒಬ್ಬರು ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಕೂತ ಹುಳುವಿನ ಮೇಲೇ ರೋಗ ತಡೆಯುವ ವಿಜೇತ ಪುಡಿ ಉದುರಿಸಿಬಿಟ್ಟರು. ಸ್ಲೈಡ್ ನೋಡಿಯೇ ಮಾಡಿದೆ ಅಂದರು. ಆ ಸ್ಲೈಡ್ ಜೊತೆಗಿದೆ. ಏನು ತಪ್ಪಾಯಿತು? ಒಂದು ಸ್ಲೈಡಿನಲ್ಲಿ ಎಷ್ಟು ಪದ ಎತ್ತಿ ತೋರಿಸಬಹುದು?

ಉತ್ತರ: ನಿಮ್ಮ ಸ್ಲೈಡನ್ನು ನಾನೂ ಮೊದಲು ಫೋನಿನಲ್ಲೇ ತೆರೆದೆ. ಓದಲು ಹೋಗಲಿಲ್ಲ. ನಿಮ್ಮ ರೈತರು ನೋಡುವ ಹಾಗೆ ಹೆಬ್ಬೆರಳಲ್ಲಿ ತಳ್ಳುತ್ತಾ ನೋಡಿದೆ. ಕಣ್ಣಿಗೆ ಬಿದ್ದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಪೂರ್ತಿ ಓದಿದೆ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಸ್ಲೈಡಿನ ಮಾತುಗಳನ್ನು ಬೋಲ್ಡ್, ಬಣ್ಣ ಬಿಟ್ಟು ಇಲ್ಲಿ ಇದ್ದ ಹಾಗೇ ಕೊಡುತ್ತೇನೆ:

> ಜ್ವರದ ಸಮಯದಲ್ಲಿ ನಿರ್ವಹಣೆ
>
> ಹುಳುಗಳು ಜ್ವರಕ್ಕೆ ಕುಳಿತಾಗ ಸೊಪ್ಪು ಕೊಡುವುದನ್ನು ನಿಲ್ಲಿಸಬೇಕು. ಮುಖ್ಯವಾಗಿ ಹಾಸಿಗೆಯನ್ನು ತೆಳುವಾಗಿ ಹರಡಿ ಸುಣ್ಣದ ಪುಡಿ ಉದುರಿಸಬೇಕು. ಹುಳು ಮನೆಯಲ್ಲಿ ಗಾಳಿ ಬೆಳಕು ಇರಬೇಕು, ತೇವಾಂಶ ಜಾಸ್ತಿ ಇರಬಾರದು. ಶೇ 95ರಷ್ಟು ಹುಳು ಜ್ವರದಿಂದ ಎದ್ದ ಮೇಲೆ ವಿಜೇತ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಬೇಕು. ಎಚ್ಚರಿಕೆ: ಜ್ವರದಲ್ಲಿರುವ ಹುಳುವಿನ ಮೇಲೆ ವಿಜೇತ ಉದುರಿಸಬಾರದು.

ಬರೆದಿರುವ ವಿಷಯದಲ್ಲಿ ಒಂದೂ ತಪ್ಪಿಲ್ಲ. ಆದರೆ ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟು: ಜ್ವರದ ಸಮಯ, ಸೊಪ್ಪು, ಸುಣ್ಣದ ಪುಡಿ, ಗಾಳಿ ಬೆಳಕು, ತೇವಾಂಶ, ವಿಜೇತ, ಸೊಪ್ಪು, ವಿಜೇತ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹುಳು ಮನೆಗೆ ಹೋದವರು ಏನು ಮಾಡುತ್ತಾರೆ? ಜ್ವರದ ಸಮಯಕ್ಕೆ ಬೇಕಾದ ಸಾಮಾನುಗಳ ಪಟ್ಟಿ ಇದು ಅಂದುಕೊಳ್ಳುತ್ತಾರೆ. ಸುಣ್ಣವನ್ನೂ ವಿಜೇತವನ್ನೂ ಒಟ್ಟಿಗೆ ತಂದು ಉದುರಿಸುತ್ತಾರೆ. ನಿಮ್ಮ ರೈತರು ಮಾಡಿದ್ದು ಅದನ್ನೇ. ಅವರು ಸ್ಲೈಡ್ ನೋಡಿಯೇ ಮಾಡಿದೆ ಅಂದದ್ದು ನಿಜ. ಅವರು ನೋಡಿದ್ದು ನೀವು ಎತ್ತಿ ತೋರಿಸಿದ ಪದಗಳನ್ನು.

ತಪ್ಪು ಎಲ್ಲಿದೆ ಅಂದರೆ, ನೀವು ಬರೀ ಹೆಸರುಗಳನ್ನು ಬೋಲ್ಡ್ ಮಾಡಿದ್ದೀರಿ. ಕೆಲಸವನ್ನು ಮಾಡಿಲ್ಲ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಜಾಸ್ತಿ ಅಪಾಯ. ಇಂಗ್ಲಿಷಿನಲ್ಲಿ 'ಮಾಡಬೇಡಿ' ಅನ್ನುವ ಮಾತು ಸಾಲಿನ ಮೊದಲಲ್ಲೇ ಬರುತ್ತದೆ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ. ಅದೂ ಬೇರೆ ಪದವಾಗಿ ಅಲ್ಲ, ಕ್ರಿಯಾಪದದ ಬಾಲವಾಗಿ. 'ಉದುರಿಸಬೇಕು', 'ಉದುರಿಸಬಾರದು' ಎರಡಕ್ಕೂ ತಲೆ ಒಂದೇ, ಬಾಲ ಬೇರೆ. 'ವಿಜೇತ' ಅನ್ನುವ ಪದಕ್ಕೆ ಕಣ್ಣು ನಿಂತು ಮುಂದಕ್ಕೆ ಹಾರಿದರೆ, ಬೇಕೋ ಬಾರದೋ ಅನ್ನುವುದು ಓದುಗರಿಗೆ ಸಿಗುವುದೇ ಇಲ್ಲ.

ಕಣ್ಣಾಡಿಸುವವರ ನೋಟ ಹೇಗೆ ಓಡುತ್ತದೆ ಅನ್ನುವುದೂ ಇಲ್ಲಿ ಮುಖ್ಯ. 2006ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಅವರ ತಂಡ ಕಣ್ಣಿನ ಚಲನೆ ಅಳೆಯುವ ಯಂತ್ರ ಇಟ್ಟು, ಜನ ವೆಬ್ ಪುಟಗಳನ್ನು ಹೇಗೆ ನೋಡುತ್ತಾರೆ ಎಂದು ಗಮನಿಸಿತು. ಮೇಲಿನ ಒಂದೆರಡು ಸಾಲನ್ನು ಅಡ್ಡಕ್ಕೆ ನೋಡುತ್ತಾರೆ. ಆಮೇಲೆ ಎಡಗಡೆಯ ಅಂಚು ಹಿಡಿದು ಕೆಳಕ್ಕೆ ಇಳಿಯುತ್ತಾರೆ. ಅವರು ನೋಡಿದ್ದು ವೆಬ್ ಪುಟಗಳನ್ನು, ಕನ್ನಡದ ಸ್ಲೈಡುಗಳನ್ನಲ್ಲ. ಆದರೂ ಎಡಗಡೆಯಿಂದ ಓದುವ ಯಾವ ಭಾಷೆಗಾದರೂ ಈ ಅಭ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಸಾಲಿನಲ್ಲಿ ಎಡಕ್ಕೆ ಇರುವುದು ಹೆಸರು, ಬಲತುದಿಯಲ್ಲಿ ಇರುವುದು ಕೆಲಸ. ಎಡ ಅಂಚಿನಲ್ಲೇ ಇಳಿಯುವ ಕಣ್ಣಿಗೆ ಕೆಲಸ ಕಾಣುವುದಿಲ್ಲ. ಬೋಲ್ಡ್ ಇರಬೇಕಾದದ್ದೇ ಈ ಕೊರತೆ ತುಂಬಲು. ನಾವು ಎಡಗಡೆಯ ಹೆಸರನ್ನೇ ಇನ್ನಷ್ಟು ಕಪ್ಪು ಮಾಡಿದರೆ ಮೊದಲೇ ಕಾಣುತ್ತಿದ್ದದ್ದು ಮತ್ತೂ ಚೆನ್ನಾಗಿ ಕಾಣುತ್ತದೆ, ಕಾಣದೇ ಇದ್ದದ್ದು ಪೂರ್ತಿ ಮುಚ್ಚಿಹೋಗುತ್ತದೆ.

ಹಾಗಾಗಿ ನಾನು ಪಾಲಿಸುವ ನಿಯಮ ಒಂದೇ. ಬೋಲ್ಡ್ ಮಾಡಿದರೆ ಹೆಸರು ಮತ್ತು ಕೆಲಸ ಎರಡನ್ನೂ ಸೇರಿಸಿ, ಬಾಲದ ತನಕ ಮಾಡಬೇಕು. ಬರೀ 'ಸೊಪ್ಪು' ಅಂತ ಅಲ್ಲ, 'ಸೊಪ್ಪು ಹಾಕಬೇಡಿ' ಅಂತ ಪೂರ್ತಿ. ಒಂದೇ ಪದ ಸಾಕು ಅನ್ನಿಸಿದರೆ ಹೆಸರನ್ನು ಬಿಟ್ಟು ಕೆಲಸವನ್ನು ಆರಿಸಿ.

ಅಳತೆಗಳ ವಿಷಯದಲ್ಲೂ ಇದೇ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷದ ಹಿಂದೆ ಒಂದು ತರಬೇತಿಗೆ ಹುಳು ಮನೆ ತೊಳೆಯುವ ದ್ರಾವಣದ ಸ್ಲೈಡ್ ಮಾಡಿಕೊಟ್ಟಿದ್ದೆ. 100 ಲೀಟರ್ ನೀರಿಗೆ ಬ್ಲೀಚಿಂಗ್ ಪುಡಿ 2 ಕೆಜಿ, ಸುಣ್ಣ 300 ಗ್ರಾಂ. ಪುಡಿಗಳೇ ಮುಖ್ಯ ಅಂದುಕೊಂಡು 2 ಕೆಜಿ, 300 ಗ್ರಾಂ ಎರಡನ್ನು ಮಾತ್ರ ಬೋಲ್ಡ್ ಮಾಡಿದೆ. ನೀರಿನ ಲೆಕ್ಕ ಮಾಮೂಲಿ ಅಕ್ಷರದಲ್ಲಿ ಮೇಲಿನ ಸಾಲಿನಲ್ಲಿತ್ತು. ಒಬ್ಬ ಬೆಳೆಗಾರರು ಎರಡೂ ಪುಡಿಯನ್ನು ಸರಿಯಾಗಿ ತೂಗಿ, ತಮ್ಮ ಮನೆಯ 200 ಲೀಟರ್ ಡ್ರಮ್ಮಿನ ತುಂಬ ನೀರಿಗೆ ಹಾಕಿ ಕಲಸಿದ್ದರು. ದ್ರಾವಣ ಅರ್ಧಕ್ಕರ್ಧ ತೆಳುವಾಯಿತು. ವಾಸನೆ ಘಾಟು ಇಲ್ಲವಲ್ಲ ಎಂದು ಅವರೇ ಕೇಳಿದಾಗ ನನಗೆ ಗೊತ್ತಾಯಿತು. ಸುದೈವಕ್ಕೆ ಚಾಕಿಯ ಮರಿ ಹುಳು ತರುವುದಕ್ಕೆ ಇನ್ನೂ ದಿನ ಇತ್ತು, ಮತ್ತೆ ಸಿಂಪಡಿಸಿದರು. ಅವತ್ತಿನಿಂದ ಅಳತೆಯನ್ನು ಜೋಡಿಯಾಗಿಯೇ ಬರೆಯುತ್ತೇನೆ, ಜೋಡಿಯಾಗಿಯೇ ಬೋಲ್ಡ್ ಮಾಡುತ್ತೇನೆ: 100 ಲೀಟರ್ ನೀರಿಗೆ 2 ಕೆಜಿ. ಯಾವುದಕ್ಕೆ ಅನ್ನುವುದು ಜೊತೆಗಿಲ್ಲದ ಅಂಕಿಯನ್ನು ಎತ್ತಿ ತೋರಿಸಬಾರದು.

ಈಗ ನಿಮ್ಮ ಸ್ಲೈಡಿಗೆ ಬರೋಣ. ಇದನ್ನು ಸರಿ ಮಾಡುವಾಗ ನಾನು ಬೋಲ್ಡಿನಿಂದ ಶುರು ಮಾಡಲಿಲ್ಲ. ಇರುವ ಬೋಲ್ಡ್, ಹಳದಿ, ಕೆಂಪು ಎಲ್ಲವನ್ನೂ ಮೊದಲು ತೆಗೆದೆ. ಆಮೇಲೆ ಒಂದು ಪ್ರಶ್ನೆ ಕೇಳಿಕೊಂಡೆ. ಈ ಸ್ಲೈಡಿನಿಂದ ಒಂದೇ ಒಂದು ವಿಷಯ ತಲೆಗೆ ಹೋಗುವುದಾದರೆ ಯಾವುದು ಹೋಗಬೇಕು? ತಪ್ಪಿದರೆ ಬೆಳೆಗೆ ಪೆಟ್ಟಾಗುವುದು ಯಾವುದರಿಂದ? ಗಾಳಿ ಬೆಳಕು ಇರಬೇಕು ಅನ್ನುವುದು ರೈತರಿಗೆ ಗೊತ್ತು. ಅದನ್ನು ಬೋಲ್ಡ್ ಮಾಡಿದರೆ ಸುಮ್ನೆ ಜಾಗ ತಿನ್ನುತ್ತದೆ. ಪೆಟ್ಟಾಗುವುದು ಎರಡು ಕಡೆ. ಎಲ್ಲ ಹುಳು ಏಳುವ ಮೊದಲೇ ಸೊಪ್ಪು ಹಾಕಿದರೆ ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಹಿಂದೆ ಉಳಿದವು ಹಿಂದೆಯೇ ಉಳಿಯುತ್ತವೆ, ಬೆಳೆ ಏರುಪೇರಾಗುತ್ತದೆ. ಇನ್ನೊಂದು, ಜ್ವರದಲ್ಲೇ ವಿಜೇತ ಉದುರಿಸುವುದು.

ಒಂದು ಕೂತಾಗಿನ ತಪ್ಪು, ಇನ್ನೊಂದು ಏಳುವ ಹೊತ್ತಿನ ತಪ್ಪು. ಹೊತ್ತು ಬೇರೆ ಅಂದಮೇಲೆ ಸ್ಲೈಡೂ ಬೇರೆ ಇರಬೇಕು. ಎರಡು ಹೊತ್ತಿನ ಕೆಲಸವನ್ನು ಒಂದೇ ಪ್ಯಾರಾದಲ್ಲಿ ತುಂಬಿದ್ದರಿಂದಲೇ ಸುಣ್ಣ ಮತ್ತು ವಿಜೇತ ಅಕ್ಕಪಕ್ಕ ಬಂದು ಕೂತವು. ಇಂಥ ಕಡೆ ಎಷ್ಟು ಬೋಲ್ಡ್ ಮಾಡಿದರೂ ಬಗೆಹರಿಯುವುದಿಲ್ಲ. ಸ್ಲೈಡನ್ನೇ ಸೀಳಬೇಕು. ನಾನು ಮಾಡಿದ್ದು ಹೀಗೆ:

> ಹುಳು ಜ್ವರಕ್ಕೆ ಕೂತಾಗ
>
> ಸೊಪ್ಪು ಹಾಕಬೇಡಿ.
> ಹಾಕಿದರೆ ಮೊದಲು ಎದ್ದ ಹುಳು ತಿಂದು ಮುಂದೆ ಹೋಗುತ್ತದೆ, ಬೆಳೆ ಏರುಪೇರಾಗುತ್ತದೆ.
>
> ಹಾಸಿಗೆ ತೆಳುವಾಗಿ ಹರಡಿ. ಸುಣ್ಣದ ಪುಡಿ ಉದುರಿಸಿ. ಗಾಳಿ ಆಡುವಂತೆ ನೋಡಿಕೊಳ್ಳಿ.

> ಹುಳು ಜ್ವರದಿಂದ ಏಳುವಾಗ
>
> 100ಕ್ಕೆ 95 ಹುಳು ಏಳುವ ತನಕ ಕಾಯಿರಿ.
>
> ವಿಜೇತ ಎದ್ದ ಮೇಲೆ ಮಾತ್ರ ಉದುರಿಸಿ.
> ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ.

ಎರಡರಲ್ಲೂ ತಲೆಬರಹ ಬಿಟ್ಟರೆ ಬೋಲ್ಡ್ ಇರುವುದು ಒಂದೊಂದೇ ಸಾಲು. ಬೋಲ್ಡನ್ನಷ್ಟೇ ಓದಿ: ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬೇಡಿ. ಹುಳು ಜ್ವರದಿಂದ ಏಳುವಾಗ ವಿಜೇತ ಎದ್ದ ಮೇಲೆ ಮಾತ್ರ ಉದುರಿಸಿ. ಉಳಿದದ್ದನ್ನು ಓದದಿದ್ದರೂ ಬೆಳೆಗೆ ಪೆಟ್ಟಾಗುವುದಿಲ್ಲ.

ತಲೆಬರಹವನ್ನು ಬದಲಾಯಿಸಿದ್ದನ್ನೂ ಗಮನಿಸಿ. ಸ್ಲೈಡಿನಲ್ಲಿ ಎಲ್ಲಕ್ಕಿಂತ ಮೊದಲು ಕಾಣುವುದು ತಲೆಬರಹ. ಅಲ್ಲಿ 'ನಿರ್ವಹಣೆ' ಅಂತ ಬರೆದರೆ ಅತಿ ಬೆಲೆಬಾಳುವ ಜಾಗ ವ್ಯರ್ಥವಾಯಿತು. ಯಾವ ಹೊತ್ತಿಗೆ ಅನ್ನುವುದನ್ನು ತಲೆಬರಹ ಹೇಳಿದರೆ, ಏನು ಮಾಡಬೇಕು ಅನ್ನುವುದನ್ನು ಬೋಲ್ಡ್ ಸಾಲು ಹೇಳುತ್ತದೆ. ಎರಡೂ ಸೇರಿ ಒಂದು ಪೂರ್ತಿ ಮಾತಾಗಬೇಕು.

ಎಷ್ಟು ಬೋಲ್ಡ್ ಅಂತ ಕೇಳಿದ್ದಿರಿ. ಒಂದು ಸ್ಲೈಡಿಗೆ ಒಂದು ಮಾತು. ಎರಡನೆಯದು ಬೇಕೇ ಬೇಕು ಅನ್ನಿಸಿದರೆ ಮೊದಲು ಸ್ಲೈಡ್ ಸೀಳಲು ಆಗುತ್ತದಾ ನೋಡಿ. ಇದು ನನ್ನ ಹಟ ಅಲ್ಲ, ಕಣ್ಣಿನ ಗುಣ. ಸುತ್ತಲಿನದಕ್ಕಿಂತ ಬೇರೆಯಾಗಿ ಇರುವುದು ನೆನಪಿನಲ್ಲಿ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದರು. ಬಿಳಿ ಗೂಡುಗಳ ತಟ್ಟೆಯಲ್ಲಿ ಒಂದು ಹಳದಿ ಗೂಡು ಇದ್ದರೆ ತಕ್ಷಣ ಕಾಣುತ್ತದೆ. ಅರ್ಧ ಬಿಳಿ ಅರ್ಧ ಹಳದಿ ಇದ್ದರೆ ಯಾವುದೂ ಎದ್ದು ಕಾಣುವುದಿಲ್ಲ. ನಿಮ್ಮ ಸ್ಲೈಡಿನಲ್ಲಿ ಹಲವು ಕಡೆ ಬೋಲ್ಡ್ ಇತ್ತು. ಅಷ್ಟರಲ್ಲಿ ಯಾವುದು ಹೆಚ್ಚು ಅನ್ನುವುದನ್ನು ಓದುಗರೇ ತೀರ್ಮಾನಿಸಬೇಕಾಯಿತು. ಆ ಕೆಲಸ ನಮ್ಮದು, ಅಲ್ವಾ?

ಇನ್ನು 'ಮುಖ್ಯವಾಗಿ', 'ಎಚ್ಚರಿಕೆ', 'ಕಡ್ಡಾಯವಾಗಿ', 'ದಯವಿಟ್ಟು ಗಮನಿಸಿ' ಅನ್ನುವ ಪದಗಳು. ಇವುಗಳನ್ನು ಬೋಲ್ಡ್ ಮಾಡಿದಾಗ ಓದುಗರ ಕಣ್ಣು ಆ ಪದದ ಮೇಲೆ ನಿಲ್ಲುತ್ತದೆ, ಅದರ ಮುಂದಿನ ಮಾತಿನ ಮೇಲೆ ಅಲ್ಲ. 'ಎಚ್ಚರಿಕೆ' ಅಂತ ಓದಿ ಮುಂದೆ ಹೋದವರಿಗೆ ಯಾವುದರ ಎಚ್ಚರಿಕೆ ಅಂತ ಗೊತ್ತಿರುವುದಿಲ್ಲ. ಜೊತೆಗೆ ಪ್ರತಿ ಸ್ಲೈಡಿನಲ್ಲೂ ಇವು ಬಂದರೆ ನಾಲ್ಕನೇ ಸ್ಲೈಡಿನ ಹೊತ್ತಿಗೆ ಬೆಲೆ ಕಳೆದುಕೊಳ್ಳುತ್ತವೆ. ಇವನ್ನೆಲ್ಲ ತೆಗೆದು, ಆ ಜಾಗದಲ್ಲಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಬರೆಯಿರಿ. 'ಬೆಳೆ ಏರುಪೇರಾಗುತ್ತದೆ' ಅನ್ನುವುದು ಬೆಳೆಗಾರರಿಗೆ 'ಎಚ್ಚರಿಕೆ'ಗಿಂತ ಜೋರಾಗಿ ಕೇಳಿಸುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಆ ಲಾಟಿಗೆ ಏನು ಬೆಲೆ ಬರುತ್ತದೆ ಅನ್ನುವುದು ಅವರಿಗೆ ಗೊತ್ತು.

ಒತ್ತಿ ಹೇಳಲು ಕನ್ನಡದಲ್ಲೇ ಒಳ್ಳೆಯ ಸಾಧನಗಳಿವೆ. ನಾವು ಅವನ್ನು ಮರೆತು ಕಂಪ್ಯೂಟರಿನ ಗುಂಡಿ ಒತ್ತುತ್ತೇವೆ. 'ಮಾತ್ರ', 'ತನಕ', 'ಬೇಡ' ಇವು ಚಿಕ್ಕ ಪದಗಳು, ಕೆಲಸ ದೊಡ್ಡದು. 'ಎದ್ದ ಮೇಲೆ' ಅಂದರೆ ಒಂದು ಅರ್ಥ. 'ಎದ್ದ ಮೇಲೆ ಮಾತ್ರ' ಅಂದರೆ ಮೊದಲು ಬೇಡ ಅನ್ನುವುದೂ ಸೇರಿಕೊಂಡಿತು. ಪದದ ಕೊನೆಗೆ ಒಂದು 'ಏ' ಸೇರಿಸಿದರೂ ಒತ್ತು ಬರುತ್ತದೆ: 'ಬೆಳಗ್ಗೆ ಕೊಡಿ', 'ಬೆಳಗ್ಗೆಯೇ ಕೊಡಿ'.

ಪದಗಳ ಸಾಲೂ ಒತ್ತು ಕೊಡುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಹಿಂದೆಯೇ ಯಾವ ಪದ ಬರುತ್ತದೋ ಅದಕ್ಕೆ ತೂಕ ಜಾಸ್ತಿ. 'ಎದ್ದ ಮೇಲೆ ವಿಜೇತ ಉದುರಿಸಿ' ಅಂದರೆ ತೂಕ ವಿಜೇತದ ಮೇಲೆ ಬೀಳುತ್ತದೆ. ಬೇರೆ ಪುಡಿ ಅಲ್ಲ, ವಿಜೇತ ಅಂದ ಹಾಗೆ. 'ವಿಜೇತ ಎದ್ದ ಮೇಲೆ ಉದುರಿಸಿ' ಅಂದರೆ ತೂಕ ಹೊತ್ತಿನ ಮೇಲೆ ಬೀಳುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಜೋರಾಗಿ ಒಮ್ಮೆ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ. ಮೊದಲು ಸಾಲನ್ನು ಹೀಗೆ ಜೋಡಿಸಿ, ಆಮೇಲೆ ಬೋಲ್ಡ್ ಮಾಡಿ. ಆಗ ಮಾತಿನ ಒತ್ತು ಮತ್ತು ಅಕ್ಷರದ ಒತ್ತು ಎರಡೂ ಒಂದೇ ಕಡೆ ಬೀಳುತ್ತವೆ.

ಇದರಿಂದ ಇನ್ನೊಂದು ಲಾಭ ಇದೆ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಹಿರಿಯರು ಫೋನನ್ನು ಮಗನಿಗೋ ಮೊಮ್ಮಗಳಿಗೋ ಕೊಟ್ಟು 'ಏನಿದೆ ಓದಿ ಹೇಳು' ಅನ್ನುತ್ತಾರೆ. ಓದಿ ಹೇಳುವಾಗ ಬೋಲ್ಡ್ ಕೇಳಿಸುವುದಿಲ್ಲ. ಹಳದಿಯೂ ಕೇಳಿಸುವುದಿಲ್ಲ. 'ಮಾತ್ರ' ಕೇಳಿಸುತ್ತದೆ, 'ಬೇಡಿ' ಕೇಳಿಸುತ್ತದೆ. ಅದಕ್ಕೇ 'ಕೊಡುವುದನ್ನು ನಿಲ್ಲಿಸಬೇಕು' ಅನ್ನುವುದನ್ನು ನಾನು 'ಹಾಕಬೇಡಿ' ಮಾಡಿದೆ. 'ನಿಲ್ಲಿಸಬೇಕು' ಅನ್ನುವುದರಲ್ಲಿ ಬೇಡ ಅನ್ನುವ ಅರ್ಥ ಇದ್ದರೂ ಕೊನೆಗೆ ಕಿವಿಗೆ ಬೀಳುವುದು 'ಬೇಕು'.

ಇನ್ನು ಅಕ್ಷರದ ವಿಷಯ. ಕನ್ನಡವನ್ನು ಬೋಲ್ಡ್ ಮಾಡುವಾಗ ಫಾಂಟ್ ನೋಡಲೇಬೇಕು. ಒಳ್ಳೆಯ ಫಾಂಟಿಗೆ ಬೋಲ್ಡ್ ಅಕ್ಷರಗಳನ್ನು ಬೇರೆಯಾಗಿಯೇ ಬರೆದಿರುತ್ತಾರೆ. ವಿಂಡೋಸ್ ಜೊತೆ ಬರುವ `Nirmala UI`, ಉಚಿತವಾಗಿ ಸಿಗುವ `Noto Sans Kannada` ಎರಡಕ್ಕೂ ನಿಜವಾದ ಬೋಲ್ಡ್ ಇದೆ. ಹಾಗೆ ಇಲ್ಲದ ಫಾಂಟಿನಲ್ಲಿ ನೀವು `B` ಗುಂಡಿ ಒತ್ತಿದರೆ, ಕಂಪ್ಯೂಟರು ಇದ್ದ ಅಕ್ಷರವನ್ನೇ ಸುತ್ತಲೂ ದಪ್ಪ ಮಾಡುತ್ತದೆ. ಶಾಯಿ ಹರಡಿದ ಹಾಗೆ ಆಗುತ್ತದೆ. ಹಳೆಯ ಡಿಟಿಪಿ ಫಾಂಟುಗಳಲ್ಲಿ ಇದು ಜಾಸ್ತಿ. ಇಂಗ್ಲಿಷ್ ಅಕ್ಷರ ಇದನ್ನು ತಡೆದುಕೊಳ್ಳಬಹುದು. ಕನ್ನಡ ತಡೆದುಕೊಳ್ಳುವುದಿಲ್ಲ. 'ಪ'ಗೂ 'ಷ'ಗೂ ಇರುವ ವ್ಯತ್ಯಾಸ ಒಳಗಿನ ಒಂದು ಗೀಟು. 'ದ'ಗೂ 'ಧ'ಗೂ ಇರುವುದು ಕೆಳಗಿನ ಒಂದು ಸೀಳು. ದಪ್ಪ ಮಾಡಿದಾಗ ಇವೇ ಮೊದಲು ಮುಚ್ಚಿಹೋಗುತ್ತವೆ. ಒತ್ತಕ್ಷರಗಳು ಕಪ್ಪು ಚುಕ್ಕೆಗಳಾಗುತ್ತವೆ.

ಗೊತ್ತು ಮಾಡಿಕೊಳ್ಳಲು ನಾನು 'ಔಷಧ' ಅನ್ನುವ ಪದವನ್ನು ಬೋಲ್ಡ್ ಮಾಡಿ, ಫೋನಿಗೆ ಕಳಿಸಿ ನೋಡುತ್ತೇನೆ. ಅದರಲ್ಲಿ 'ಷ' ಇದೆ, 'ಧ' ಇದೆ. ದೊಡ್ಡದು ಮಾಡದೆ ಎರಡೂ ಬಿಡಿಸಿ ಕಂಡರೆ ಆ ಫಾಂಟ್ ನಡೆಯುತ್ತದೆ.

ಫೋನಿಗೆ ಕಳಿಸಿ ನೋಡಿ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಪವರ್‌ಪಾಯಿಂಟಿನ ಮಾಮೂಲಿ ಅಗಲ ಸ್ಲೈಡ್ ಸುಮಾರು 34 ಸೆಂಟಿಮೀಟರ್ ಇರುತ್ತದೆ. ನೆಟ್ಟಗೆ ಹಿಡಿದ ಫೋನಿನ ಪರದೆ ಆರೂವರೆ ಸೆಂಟಿಮೀಟರ್ ಆಜುಬಾಜು. ಅಂದರೆ ಎಲ್ಲವೂ ಐದನೇ ಒಂದು ಪಾಲಿಗೆ ಕುಗ್ಗುತ್ತದೆ. ನೀವು 28 ಪಾಯಿಂಟಿನಲ್ಲಿ ಬರೆದ ಸಾಲು ಅವರ ಕೈಯಲ್ಲಿ ಐದೂವರೆ ಪಾಯಿಂಟ್ ಆಗಿರುತ್ತದೆ. ಆ ಗಾತ್ರದಲ್ಲಿ ಬೋಲ್ಡ್ ಮತ್ತು ಮಾಮೂಲಿ ಅಕ್ಷರದ ವ್ಯತ್ಯಾಸವೇ ಸರಿಯಾಗಿ ಕಾಣುವುದಿಲ್ಲ. ವಾಟ್ಸಾಪಿಗೆ ಕಳಿಸುವುದಕ್ಕೆ ಬೇರೆ ಪ್ರತಿ ಮಾಡಿಕೊಳ್ಳಿ. `Design` > `Slide Size` > `Custom Slide Size` ಒಳಗೆ `Portrait` ಆರಿಸಿ ಸ್ಲೈಡನ್ನು ನೆಟ್ಟಗೆ ಮಾಡಿ, ಅಕ್ಷರ ದೊಡ್ಡದು ಮಾಡಿ. ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ. ಪವರ್‌ಪಾಯಿಂಟ್ ಕಡತವನ್ನೇ ಕಳಿಸಿದರೆ ನಿಮ್ಮ ಫಾಂಟ್ ಅವರ ಫೋನಿನಲ್ಲಿ ಇರದೇ ಹೋಗಬಹುದು. ಆಗ ಬೇರೆ ಫಾಂಟ್ ಬಂದು ಕೂತು ಸಾಲುಗಳು ಎಲ್ಲೆಲ್ಲೋ ಮುರಿಯುತ್ತವೆ.

ಸಾಲು ಮುರಿಯುವುದನ್ನು ಹಗುರವಾಗಿ ತಗೋಬೇಡಿ. 'ಸೊಪ್ಪು' ಮೇಲಿನ ಸಾಲಿನ ಕೊನೆಗೂ 'ಹಾಕಬೇಡಿ' ಕೆಳಗಿನ ಸಾಲಿಗೂ ಹೋದರೆ, ಇಷ್ಟು ಹೊತ್ತು ಪಟ್ಟ ಕಷ್ಟ ದಂಡ. ಬೋಲ್ಡ್ ಮಾತು ಶುರುವಾಗುವ ಮುಂಚೆ `Shift+Enter` ಒತ್ತಿ ಅದನ್ನು ಹೊಸ ಸಾಲಿಗೆ ತನ್ನಿ. ನಾನು ಮೇಲೆ ಮಾಡಿದ ಹಾಗೆ ಬೋಲ್ಡ್ ಮಾತಿಗೆ ಅದರದೇ ಒಂದು ಸಾಲು ಕೊಟ್ಟರೆ ಇನ್ನೂ ಒಳ್ಳೆಯದು.

ಬೋಲ್ಡ್ ಮಾಡುವಾಗ ಪದದ ಮಧ್ಯದಿಂದ ಆರಿಸಬೇಡಿ. 'ಸೊಪ್ಪನ್ನು' ಅನ್ನುವುದರಲ್ಲಿ 'ಸೊಪ್ಪ'ನ್ನು ಮಾತ್ರ ಬೋಲ್ಡ್ ಮಾಡಿ 'ನ್ನು' ಬಿಟ್ಟರೆ ನೋಡಲು ಕೆಟ್ಟದಾಗಿರುತ್ತದೆ, ಓದೂ ತಡೆಯುತ್ತದೆ. ಒತ್ತಕ್ಷರದ ನಡುವೆಯೇ ಬೋಲ್ಡ್ ನಿಂತರೆ ಕೆಲವು ಕಡೆ ಅಕ್ಷರವೇ ಒಡೆದು ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಪದದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇಡೀ ಪದವನ್ನು ಆರಿಸುವ ಅಭ್ಯಾಸ ಮಾಡಿಕೊಳ್ಳಿ.

ಅಡಿಗೆರೆ ಮತ್ತು ಓರೆ ಅಕ್ಷರ ಎರಡೂ ಕನ್ನಡಕ್ಕೆ ಬೇಡ. ಅಡಿಗೆರೆ ನೇರವಾಗಿ ಒತ್ತಕ್ಷರಗಳ ಮೇಲೆ ಹಾಯುತ್ತದೆ. 'ಸೊಪ್ಪು', 'ಸುಣ್ಣ' ಎರಡರಲ್ಲೂ ಒತ್ತು ಗೀಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಓರೆ ಅಕ್ಷರದ ರೂಢಿ ನಮ್ಮ ಲಿಪಿಗೆ ಇಲ್ಲ. ಕಂಪ್ಯೂಟರು ಸುಮ್ನೆ ವಾಲಿಸುತ್ತದೆ.

ಹಳದಿ ಹಚ್ಚುವುದಕ್ಕೆ ನನ್ನ ವಿರೋಧ ಇಲ್ಲ, ಆದರೆ ಅದಕ್ಕೆ ಒಂದೇ ಕೆಲಸ ಕೊಡಿ. ಬೋಲ್ಡ್ ಏನು ಮಾಡಬೇಕು ಅನ್ನುವುದನ್ನು ಹೇಳುತ್ತಿದ್ದರೆ, ಹಳದಿ ಬರೀ ಅಳತೆಗೆ ಇರಲಿ. 'ಬ್ಲೀಚಿಂಗ್ ಪುಡಿ' ಸ್ಲೈಡಿನಲ್ಲಿ '100 ಲೀಟರ್ ನೀರಿಗೆ 2 ಕೆಜಿ' ಅನ್ನುವುದರ ಹಿಂದೆ ಹಳದಿ ಇದ್ದರೆ, ಪುಡಿ ಕಲಸುವ ಹೊತ್ತಿಗೆ ಆ ಸ್ಲೈಡನ್ನು ಮತ್ತೆ ತೆಗೆದವರಿಗೆ ಹುಡುಕದೆ ಸಿಗುತ್ತದೆ. ಹತ್ತು ಸ್ಲೈಡಿನಲ್ಲೂ ಹಳದಿ ಅಂದರೆ ಅಳತೆ ಅಂತಲೇ ಇರಬೇಕು. ಒಂದರಲ್ಲಿ ಅಳತೆ, ಇನ್ನೊಂದರಲ್ಲಿ ಹೆಸರು, ಮತ್ತೊಂದರಲ್ಲಿ ಸುಮ್ನೆ ಚೆಂದಕ್ಕೆ ಅಂತ ಆದರೆ ಬಣ್ಣದ ಅರ್ಥ ಹೋಯಿತು. ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, 1.2 ಅಥವಾ 1.3 ಇಟ್ಟರೆ ಸಾಕು. ಇಕ್ಕಟ್ಟಾಗಿದ್ದರೆ ಹಳದಿ ಪಟ್ಟಿ ಮೇಲಿನ ಸಾಲಿನ ಒತ್ತಕ್ಷರಗಳಿಗೆ ತಗಲುತ್ತದೆ.

ಕೆಂಪು ಅಕ್ಷರ ನಾನು ಬಳಸುವುದಿಲ್ಲ. ಬಿಳಿಯ ಮೇಲೆ ಅಚ್ಚ ಕೆಂಪು ನೋಡಲು ಜೋರಾಗಿದ್ದರೂ ಓದಲು ಕಪ್ಪಿಗಿಂತ ಮಂದ. ಚಿಕ್ಕ ಅಕ್ಷರ ಓದಲು ಬಣ್ಣಗಳ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು ಎಂದು ವೆಬ್ ಪುಟಗಳ ಮಾನದಂಡ ಹೇಳುತ್ತದೆ, ಅಚ್ಚ ಕೆಂಪು 4ರ ಹತ್ತಿರ ನಿಲ್ಲುತ್ತದೆ. ಹುಳು ಮನೆಯ ಮುಂದೆ ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ಇದು ಇನ್ನೂ ಕಷ್ಟ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರೂ ಇರುತ್ತಾರೆ. ಯಾರಾದರೂ ಸ್ಲೈಡನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದರೆ ಕೆಂಪು ಬೂದು ಬಣ್ಣವಾಗುತ್ತದೆ, ತೆಳು ಹಳದಿ ಅಳಿಸಿಯೇ ಹೋಗುತ್ತದೆ. ಬೋಲ್ಡ್ ಮಾತ್ರ ಉಳಿಯುತ್ತದೆ. ಜೀವ ಹೋಗುವಂಥ ಮಾತನ್ನು ಬಣ್ಣದ ಕೈಗೆ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಹೊಸ ಸ್ಲೈಡ್ ಸರಿಯಾಗಿದೆಯಾ ಅಂತ ತಿಳಿಯಲು ತರಬೇತಿಗೆ ಬರುವವರಲ್ಲೇ ಇಬ್ಬರನ್ನು ಕೇಳಿ. ಫೋನಿನಲ್ಲಿ ತೆರೆದು ಅವರ ಕೈಗೆ ಕೊಡಿ. ಐದು ಎಣಿಸಿ ವಾಪಸ್ ತಗೊಳ್ಳಿ. 'ಏನಿತ್ತು?' ಅಂತ ಕೇಳಬೇಡಿ, 'ಏನು ಮಾಡಬೇಕು?' ಅಂತ ಕೇಳಿ. 'ಸೊಪ್ಪಿನ ವಿಷಯ ಇತ್ತು' ಅಂದರೆ ಬೋಲ್ಡ್ ಕೆಲಸ ಮಾಡಿಲ್ಲ. 'ಸೊಪ್ಪು ಹಾಕಬಾರದು' ಅಂದರೆ ಮಾಡಿದೆ. ಅವರ ಉತ್ತರದಲ್ಲಿ ಕ್ರಿಯಾಪದ ಬಂತಾ ಅನ್ನುವುದನ್ನಷ್ಟೇ ಗಮನಿಸಿ. ಬೋಲ್ಡ್ ಪದಗಳನ್ನು ಚೀಟಿಯಲ್ಲಿ ಬರೆದು ಓದುವುದು ನೀವೇ ಮಾಡಬಹುದಾದ ಪರೀಕ್ಷೆ. ಆದರೆ ಬರೆದವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ, ಬಿಟ್ಟುಹೋದದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಇನ್ನೊಬ್ಬರ ಕಣ್ಣು ಬೇಕೇ ಬೇಕು.

ನಿಮ್ಮ ಬಳಿ ಇರುವ ಎಲ್ಲ ಸ್ಲೈಡುಗಳನ್ನು ಒಂದೇ ದಿನ ತಿದ್ದಲು ಹೋಗಬೇಡಿ. ಪುಡಿ, ದ್ರಾವಣ, ಅಳತೆ ಇರುವ ಸ್ಲೈಡುಗಳನ್ನು ಮೊದಲು ತೆಗೆದುಕೊಳ್ಳಿ. ಅದರಲ್ಲೂ 'ಬಾರದು', 'ಬೇಡಿ', 'ಕೂಡದು' ಇರುವ ಸಾಲುಗಳನ್ನು ಹುಡುಕಿ, ಬೋಲ್ಡ್ ಅವುಗಳ ಬಾಲದ ತನಕ ಹೋಗಿದೆಯಾ ನೋಡಿ. ವಿಜೇತ ಉದುರಿಸಿದ ಆ ಬೆಳೆಗಾರರಿಗೆ ಹೊಸ ಎರಡು ಸ್ಲೈಡುಗಳನ್ನು ಮೊದಲು ಕಳಿಸಿ, ಅವರಿಗೆ ಏನು ಅರ್ಥವಾಯಿತು ಅಂತ ಒಂದು ಫೋನ್ ಮಾಡಿ ಕೇಳಿ.